ಸಾವಿನ ನಂತರದ ಮೊದಲ ವರ್ಷ: ಹೇಳಲಾಗದ್ದನ್ನು ಬರೆಯಲು ಕೆಲವು ಪ್ರಶ್ನೆಗಳು

ಸಾವಾದ ಮನೆಯಲ್ಲಿ ಮೊದಲ ಹತ್ತು ಹನ್ನೆರಡು ದಿನ ಮಾತಿಗೆ ಬರವಿರುವುದಿಲ್ಲ. ಬಂದವರಿಗೆಲ್ಲ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ: ಎಷ್ಟು ಗಂಟೆಗೆ ಆಯಿತು, ಯಾರಿದ್ದರು, ಡಾಕ್ಟರು ಏನಂದರು. ತಿಥಿ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ದುಃಖ ಶುರುವಾಗುವುದು ಹೆಚ್ಚಾಗಿ ಆಮೇಲೆಯೇ. ಅಷ್ಟು ಹೊತ್ತಿಗೆ ಹೊರಗಿನವರು ‘ಧೈರ್ಯ ತಂದ್ಕೋ, ಮಕ್ಕಳ ಮುಖ ನೋಡು’ ಎಂದು ಮಾತು ಮುಗಿಸಿರುತ್ತಾರೆ. ಮನೆಯೊಳಗಿನವರ ಹತ್ತಿರ ಹೇಳೋಣವೆಂದರೆ ಅವರೂ ಅದೇ ಮನುಷ್ಯನನ್ನು ಕಳೆದುಕೊಂಡವರು. ಅತ್ತೆಯ ಮುಂದೆ ಸೊಸೆ ಅತ್ತರೆ ಅತ್ತೆಗೆ ರಕ್ತದೊತ್ತಡ ಏರುತ್ತದೆ, ಸೊಸೆಯ ಮುಂದೆ ಮಾವ ಅಳುವುದೇ ಇಲ್ಲ. ಒಬ್ಬರನ್ನೊಬ್ಬರು ಕಾಪಾಡುವುದಕ್ಕಾಗಿ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ.

ಇಂಥ ಹೊತ್ತಿನಲ್ಲಿ ‘ಮನಸ್ಸಿಗೆ ಬಂದದ್ದನ್ನು ಬರೆದಿಡು, ಹಗುರಾಗುತ್ತೆ’ ಎಂಬ ಸಲಹೆ ಸಿಗುತ್ತದೆ. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಖಾಲಿ ಹಾಳೆಯ ಮುಂದೆ ಕೂತವರು ಎರಡು ಸಾಲು ಬರೆದು ಎದ್ದುಬಿಡುತ್ತಾರೆ, ಇಲ್ಲವೇ ಒಂದೇ ಮಾತನ್ನು ಪುಟಗಟ್ಟಲೆ ಬರೆದು ಇನ್ನಷ್ಟು ಕುಸಿಯುತ್ತಾರೆ. ಬರೆಯುವುದರಿಂದ ಉಪಯೋಗ ಆಗುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಯಾವ ಪ್ರಶ್ನೆಗೆ, ಯಾವಾಗ, ಎಷ್ಟು ಹೊತ್ತು ಬರೆಯುತ್ತೀರಿ ಎಂಬುದರ ಮೇಲೆ ನಿಂತಿದೆ.

ಹೀಗೆ ಹೇಳುವುದಕ್ಕೆ ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಅತಿ ನೋವಿನ ಸಂಗತಿಯ ಬಗ್ಗೆ ಬರೆದರು. ಏನಾಯಿತು ಎಂಬುದರ ಜೊತೆಗೆ ಏನನ್ನಿಸಿತು ಎಂಬುದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಬರವಣಿಗೆಯಿಂದ ಮನಸ್ಸು ಹಗುರಾಗುತ್ತದೆ ಎಂಬ ಮಾತು ಜನಪ್ರಿಯವಾದದ್ದು ಈ ಪ್ರಯೋಗದ ನಂತರ. ಆದರೆ ಸಾವಿನ ದುಃಖದ ವಿಷಯದಲ್ಲಿ ಫಲಿತಾಂಶ ಇಷ್ಟು ಸಲೀಸಾಗಿ ಬರಲಿಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾವನೆಗಳನ್ನು ಬರೆದು ಹೊರಹಾಕಿದ ಮಾತ್ರಕ್ಕೆ ದುಃಖ ಬೇಗ ಇಳಿದದ್ದು ಕಾಣಲಿಲ್ಲ. 2010ರಲ್ಲಿ ವೆಂಡಿ ಲಿಚ್ಟೆಂತಾಲ್ ಮತ್ತು ಡೀನ್ ಕ್ರೂಸ್ ಬೇರೆ ಥರ ನೋಡಿದರು. ಹತ್ತಿರದವರನ್ನು ಕಳೆದುಕೊಂಡ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸುಮ್ಮನೆ ಭಾವನೆ ಬರೆಯಲು ಹೇಳಿದರು. ಇನ್ನು ಕೆಲವರಿಗೆ ಗುರಿಯಿಟ್ಟ ಪ್ರಶ್ನೆ ಕೊಟ್ಟರು: ಈ ಸಾವನ್ನು ನೀವು ಹೇಗೆ ಅರ್ಥ ಮಾಡಿಕೊಂಡಿದ್ದೀರಿ, ಇದರ ನಂತರ ನಿಮ್ಮಲ್ಲಿ ಏನು ಬದಲಾಗಿದೆ ಎಂಬಂಥವು. ಬರೆದವರಿಗೆ ಮೂರು ತಿಂಗಳ ನಂತರ ಸಹಾಯವಾಗಿತ್ತು, ಗುರಿಯಿಟ್ಟ ಪ್ರಶ್ನೆಗೆ ಬರೆದವರಲ್ಲಿ ಅದು ವಿಶೇಷವಾಗಿ ಕಂಡಿತು. ಬರವಣಿಗೆಗೆ ದಿಕ್ಕು ಬೇಕು ಎಂದು ನಾನು ನಂಬುವುದು ಈ ಕಾರಣಕ್ಕೆ.

ದಿಕ್ಕು ಹೇಗಿರಬೇಕು ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ಇದು ಯಾವುದೋ ಒಬ್ಬರ ಕಥೆಯಲ್ಲ, ನಮ್ಮ ಊರುಗಳಲ್ಲಿ ಮತ್ತೆ ಮತ್ತೆ ಕಾಣುವ ಸನ್ನಿವೇಶಗಳನ್ನು ಸೇರಿಸಿ ಮಾಡಿಕೊಂಡ ಚಿತ್ರ. ತಿಪಟೂರಿನ ಕಡೆಯ ಒಂದು ಊರು. ಹೈಸ್ಕೂಲಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಟೀಚರ್ ಎಂದೇ ಕರೆಯೋಣ. ಗಂಡ ತೆಂಗಿನ ತೋಟ ನೋಡಿಕೊಂಡಿದ್ದವರು, ನಲವತ್ತಾರರ ವಯಸ್ಸಿಗೆ ಹೃದಯಾಘಾತದಿಂದ ಹೋದರು. ಮನೆಯಲ್ಲಿ ಅತ್ತೆ, ಮಾವ, ಪಿಯುಸಿ ಓದುವ ಮಗಳು, ಏಳನೇ ಕ್ಲಾಸಿನ ಮಗ. ಟೀಚರ್ ಶಾಲೆಗೆ ಹೋಗುತ್ತಾರೆ, ಪಾಠ ಮಾಡುತ್ತಾರೆ, ಸಂಜೆ ಬಂದು ಅಡುಗೆ ಮಾಡುತ್ತಾರೆ. ಯಾರೊಂದಿಗೂ ಆ ರಾತ್ರಿಯ ಮಾತೆತ್ತಿಲ್ಲ.

ಮೊದಲ ಆರು ಎಂಟು ವಾರ ಇಂಥವರು ಹೆಚ್ಚೇನೂ ಬರೆಯಬೇಕಾಗಿಲ್ಲ. ದೊಡ್ಡ ಆಘಾತವಾದ ಕೂಡಲೇ ಅದರ ಆಳಕ್ಕಿಳಿದು ಬರೆಯಲು ಹೋಗಬೇಡಿ, ಕೆಲವು ವಾರ ಕಳೆಯಲಿ ಎಂದು ಪೆನ್ನೆಬೇಕರ್ ಅವರೇ ಎಚ್ಚರಿಸಿದ್ದಾರೆ. ನಿದ್ದೆಯಿಲ್ಲದ, ಸರಿಯಾಗಿ ಉಣ್ಣದ ದೇಹಕ್ಕೆ ಆ ಶಕ್ತಿ ಇರುವುದಿಲ್ಲ. ಈ ಅವಧಿಗೆ ಪ್ರಶ್ನೆಗಳು ಚಿಕ್ಕವಿರಲಿ, ಉತ್ತರ ಒಂದೊಂದು ಸಾಲಿನದಿರಲಿ: ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆ? ಇವತ್ತು ಏನು ತಿಂದೆ? ಇವತ್ತು ಯಾರು ಬಂದಿದ್ದರು, ಏನಂದರು? ಯಾವ ಹೊತ್ತು ಎಲ್ಲಕ್ಕಿಂತ ಕಷ್ಟವಾಗಿತ್ತು? ಕೊನೆಯ ಪ್ರಶ್ನೆ ಮುಖ್ಯ. ಹದಿನೈದು ದಿನದ ಉತ್ತರಗಳನ್ನು ಒಟ್ಟಿಗೆ ನೋಡಿದರೆ ಒಂದು ಕ್ರಮ ಕಾಣುತ್ತದೆ. ಟೀಚರ್ ಅವರ ಪುಟದಲ್ಲಿ ‘ಸಂಜೆ ಆರೂವರೆ’ ಎಂದು ಮತ್ತೆ ಮತ್ತೆ ಬಂದಿದೆ. ತೋಟದಿಂದ ಬೈಕಿನ ಸದ್ದು ಕೇಳುತ್ತಿದ್ದ ಹೊತ್ತು ಅದು. ಕಷ್ಟ ಇಡೀ ದಿನವನ್ನು ಆವರಿಸಿದೆ ಎಂದು ಅನ್ನಿಸುತ್ತಿದ್ದುದು ವಾಸ್ತವದಲ್ಲಿ ಒಂದು ಗಂಟೆಯ ಸುತ್ತ ಗಟ್ಟಿಯಾಗಿದೆ. ಆ ಗಂಟೆಗೆ ಮಗನನ್ನು ಕರೆದುಕೊಂಡು ಅಂಗಡಿಗೆ ಹೋಗಿ ಬರುವ ಏರ್ಪಾಡು ಮಾಡಿಕೊಳ್ಳಬಹುದು.

ಫ್ರೆಂಚ್ ಲೇಖಕ ರೋಲಾಂ ಬಾರ್ಥ್ 1977ರ ಅಕ್ಟೋಬರಿನಲ್ಲಿ ತಾಯಿ ತೀರಿಕೊಂಡ ಮರುದಿನ ಬರೆಯಲು ಶುರುಮಾಡಿದ್ದು ಪುಸ್ತಕದಲ್ಲಲ್ಲ, ಟೈಪಿಂಗ್ ಹಾಳೆಯನ್ನು ನಾಲ್ಕು ತುಂಡು ಮಾಡಿದ ಚೀಟಿಗಳಲ್ಲಿ. ಎಷ್ಟೋ ಚೀಟಿಗಳಲ್ಲಿ ಒಂದೆರಡು ಸಾಲು ಮಾತ್ರ ಇವೆ. ಮೊದಲ ವಾರಗಳಿಗೆ ಚೀಟಿಯ ಅಳತೆ ಸಾಕು.

ಎರಡನೆಯ ತಿಂಗಳು ದಾಟಿದ ಮೇಲೆ ನೋಟ್‌ಬುಕ್ ತೆರೆಯಬಹುದು. ಇಲ್ಲಿ ಒಂದು ಸರಳ ವ್ಯವಸ್ಥೆ ಮಾಡಿಕೊಳ್ಳಿ. ಎಡಗಡೆಯ ಪುಟ ಹೋದವರಿಗೆ, ಬಲಗಡೆಯ ಪುಟ ಇವತ್ತಿನ ಬದುಕಿಗೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ತಿಳಿವಳಿಕೆಯ ಪ್ರಕಾರ, ದುಃಖದಲ್ಲಿರುವ ಮನಸ್ಸು ಎರಡು ಕೆಲಸಗಳ ನಡುವೆ ಓಡಾಡುತ್ತಿರುತ್ತದೆ. ಒಂದು, ಕಳೆದುಕೊಂಡದ್ದನ್ನು ನೆನೆದು ಅಳುವುದು. ಇನ್ನೊಂದು, ಹೋದವರು ಮಾಡುತ್ತಿದ್ದ ಕೆಲಸ ಕಲಿಯುವುದು, ಹೊಸ ದಿನಚರಿ ಕಟ್ಟಿಕೊಳ್ಳುವುದು, ಸ್ವಲ್ಪ ಹೊತ್ತು ಮರೆತಿರುವುದು. ಎರಡೂ ಬೇಕು, ಓಡಾಟವೂ ಬೇಕು. ಒಂದರಲ್ಲೇ ನಿಂತುಬಿಟ್ಟರೆ ತೊಂದರೆ. ಎಡಪುಟಗಳೇ ತುಂಬಿ ಬಲಪುಟಗಳು ಬೆಳ್ಳಗೆ ಉಳಿದಿದ್ದರೆ, ಅಥವಾ ಎಡಪುಟ ಮುಟ್ಟಲೇ ಇಲ್ಲವಾದರೆ, ನೋಟ್‌ಬುಕ್ಕೇ ಅದನ್ನು ತೋರಿಸಿಕೊಡುತ್ತದೆ.

ಬಲಪುಟದ ಪ್ರಶ್ನೆಗಳು ಮೇಲ್ನೋಟಕ್ಕೆ ಸಪ್ಪೆ. ಇವತ್ತು ಅವರ ಹೆಸರನ್ನು ಯಾವ ಕಾಗದದಿಂದ ತೆಗೆಸಬೇಕಾಯಿತು? ಅವರು ಮಾಡುತ್ತಿದ್ದ ಯಾವ ಕೆಲಸವನ್ನು ಇವತ್ತು ನಾನು ಮಾಡಿದೆ? ಯಾವುದು ನನಗೆ ಇನ್ನೂ ಬರುವುದಿಲ್ಲ, ಯಾರನ್ನು ಕೇಳಬೇಕು? ಆದರೆ ಸಾವಿನ ನಂತರದ ತಿಂಗಳುಗಳಲ್ಲಿ ಅತಿ ಹೆಚ್ಚು ನೋಯಿಸುವ ಕೆಲಸಗಳು ಕಚೇರಿಯ ಕೆಲಸಗಳೇ. ಜಮೀನಿನ ಪೌತಿ ಖಾತೆಗೆ ಅರ್ಜಿ ಹಾಕುವಾಗ ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಬೇಕು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಬ್ಯಾಂಕಿನಲ್ಲಿ ನಾಮಿನಿ ಯಾರೆಂದು ಹುಡುಕಬೇಕು, ಗ್ಯಾಸ್ ಕನೆಕ್ಷನ್ ಹೆಸರು ಬದಲಾಯಿಸಬೇಕು. ಪ್ರತಿ ಕೌಂಟರಿನಲ್ಲೂ ‘ಅವರು ತೀರಿಕೊಂಡಿದ್ದಾರೆ’ ಎಂದು ಅಪರಿಚಿತರ ಮುಂದೆ ಇನ್ನೊಮ್ಮೆ ಹೇಳಬೇಕು. ಟೀಚರ್ ಬಲಪುಟ ಒಂದು ದಿನ ಹೀಗಿದೆ:

‘ನಾಡಕಚೇರಿಗೆ ಹೋಗಿದ್ದೆ. ಅರ್ಜಿಯಲ್ಲಿ ಮೃತರ ಹೆಸರು ಅಂತ ಒಂದು ಜಾಗ ಇತ್ತು. ಅವರ ಹೆಸರು ನಾನೇ ಬರೆದೆ. ಕೈ ನಡುಗಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ನಡುಗಿತು. ಮುಂದಿನ ವಾರ ವಂಶವೃಕ್ಷ ತಗೊಂಡು ಬನ್ನಿ ಅಂದಿದ್ದಾರೆ. ಮಾವನವರ ಆಧಾರ್ ಬೇಕು. ಅವರನ್ನು ಕೇಳೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಭಾವನವರಿಗೆ ಹೇಳಿ ಕೇಳಿಸಬೇಕು.’

ಇದರಲ್ಲಿ ದುಃಖವೂ ಇದೆ, ಮುಂದಿನ ಕೆಲಸವೂ ಇದೆ. ಒಂದು ದಿನದ ಬರವಣಿಗೆಯಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳಬಾರದು.

ಎಡಪುಟ ಕಷ್ಟದ್ದು. ಹಠಾತ್ತಾಗಿ ಬಂದ ಸಾವಿನಲ್ಲಿ ಆ ಪುಟದ ಮೇಲೆ ಮೊದಲು ಬಂದು ಕೂರುವುದು ತಪ್ಪಿತಸ್ಥ ಭಾವ. ಟೀಚರ್ ಗಂಡ ಭಾನುವಾರ ರಾತ್ರಿ ಎದೆಯುರಿ ಎಂದಿದ್ದರು. ಮಧ್ಯಾಹ್ನ ನೆಂಟರ ಮನೆಯಲ್ಲಿ ಊಟ ಆಗಿತ್ತು. ಜೀರಿಗೆ ಕಷಾಯ ಕೊಟ್ಟರು, ಗ್ಯಾಸಿನ ಮಾತ್ರೆ ಕೊಟ್ಟರು, ಮಲಗಿದರು. ಬೆಳಗಿನ ಜಾವ ನಾಲ್ಕಕ್ಕೆ ಬೆವರು, ಉಸಿರಾಟದ ಕಷ್ಟ. ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು. ‘ರಾತ್ರಿಯೇ ಕರ್ಕೊಂಡು ಹೋಗಿದ್ದರೆ’ ಎಂಬ ಒಂದು ವಾಕ್ಯ ನಾಲ್ಕು ತಿಂಗಳಿಂದ ಅವರ ತಲೆಯಲ್ಲಿ ತಿರುಗುತ್ತಿದೆ. ಯಾರಿಗೂ ಹೇಳಿಲ್ಲ, ಏಕೆಂದರೆ ಹೇಳಿದರೆ ಅತ್ತೆ ‘ಹೌದು, ಯಾಕೆ ಕರ್ಕೊಂಡು ಹೋಗ್ಲಿಲ್ಲ’ ಎಂದುಬಿಡಬಹುದು.

ಇಂಥ ವಾಕ್ಯವನ್ನು ನೂರು ಸಲ ಬರೆದರೂ ಅದು ಕರಗುವುದಿಲ್ಲ. ಅದನ್ನು ಬಿಡಿಸಬೇಕು. ಹಾಳೆಯ ಮೇಲೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ‘ಆ ಗಂಟೆಯಲ್ಲಿ ನನಗೆ ಗೊತ್ತಿದ್ದದ್ದು’ ಮಾತ್ರ ಬರೆಯಬೇಕು. ಎರಡನೆಯದರಲ್ಲಿ ‘ಆಮೇಲೆ ಗೊತ್ತಾದದ್ದು’. ಮೂರನೆಯದರಲ್ಲಿ ‘ಮೊದಲ ಭಾಗದಲ್ಲಿರುವಷ್ಟೇ ಗೊತ್ತಿರುವ ಇನ್ನೊಬ್ಬರು, ನನ್ನ ತಂಗಿಯೋ ನೆರೆಮನೆಯವರೋ, ಆಗ ಏನು ಮಾಡುತ್ತಿದ್ದರು’. ಟೀಚರ್ ಮೊದಲ ಸಲ ಬರೆದಾಗ ಮೊದಲ ಭಾಗದಲ್ಲೇ ‘ಹಾರ್ಟ್ ಅಟ್ಯಾಕ್ ಶುರುವಾಗಿತ್ತು’ ಎಂದು ಬರೆದಿದ್ದಾರೆ. ಅದು ಅವರಿಗೆ ಆಗ ಗೊತ್ತಿರಲಿಲ್ಲ, ಡಾಕ್ಟರು ಹೇಳಿದ್ದು ಮರುದಿನ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆಮೇಲೆ ತಿಳಿದದ್ದನ್ನು ಮನಸ್ಸು ಹಿಂದಕ್ಕೆ ಒಯ್ದು ಆ ರಾತ್ರಿಯೊಳಗೆ ಇಟ್ಟುಬಿಡುತ್ತದೆ, ಆಮೇಲೆ ಆ ತಿಳಿವಿದ್ದೂ ಸುಮ್ಮನಿದ್ದೆಯಲ್ಲ ಎಂದು ಕೇಳುತ್ತದೆ. ಆ ಸಾಲನ್ನು ಹೊಡೆದು ಎರಡನೆಯ ಭಾಗಕ್ಕೆ ಹಾಕಿದ ಮೇಲೆ ಮೊದಲನೆಯದರಲ್ಲಿ ಉಳಿದದ್ದು ಇಷ್ಟು:

‘ಮಧ್ಯಾಹ್ನ ಒಬ್ಬಟ್ಟು ಊಟ. ರಾತ್ರಿ ಉರಿ ಅಂದರು. ಹಿಂದೆಯೂ ಎಷ್ಟೋ ಸಲ ಹೀಗೆ ಅಂದಿದ್ದರು, ಮಾತ್ರೆಗೆ ಹೋಗಿತ್ತು. ಆಸ್ಪತ್ರೆಗೆ ಹೋಗೋಣ್ವಾ ಅಂತ ಒಂದು ಸಲ ಕೇಳಿದೆ. ಬೇಡ, ಬೆಳಿಗ್ಗೆ ನೋಡೋಣ ಅಂದರು. ಹತ್ತೂವರೆಗೆ ನಿದ್ದೆ ಹೋದರು.’

ಆಸ್ಪತ್ರೆಗೆ ಹೋಗೋಣ್ವಾ ಎಂದು ತಾವು ಕೇಳಿದ್ದು ಅವರಿಗೆ ಮರೆತೇಹೋಗಿತ್ತು. ಬರೆಯುತ್ತ ಬಂದಾಗ ನೆನಪಾಯಿತು. ಇದು ಮೂರನೆಯ ದಿನದ ಬರವಣಿಗೆಯಲ್ಲಿ. ಒಂದೇ ಸಂಗತಿಯನ್ನು ಮೂರು ನಾಲ್ಕು ದಿನ ಬೇರೆ ಬೇರೆಯಾಗಿ ಬರೆಯಬೇಕು ಎನ್ನುವುದು ಇದಕ್ಕೇ. ಪೆನ್ನೆಬೇಕರ್ ತಂಡ ಬರಹಗಳ ಪದಗಳನ್ನೇ ಎಣಿಸಿ ನೋಡಿದಾಗ, ಸುಧಾರಿಸಿದವರ ಬರವಣಿಗೆಯಲ್ಲಿ ದಿನ ಕಳೆದಂತೆ ಕಾರಣ ಮತ್ತು ತಿಳಿವನ್ನು ಹೇಳುವ ಮಾತುಗಳು ಹೆಚ್ಚುತ್ತ ಹೋಗಿದ್ದವು. ನಮ್ಮ ಮಾತಿನಲ್ಲಾದರೆ ‘ಯಾಕಂದರೆ’, ‘ಅದಕ್ಕೇ’, ‘ಈಗ ಗೊತ್ತಾಗುತ್ತಿದೆ’, ‘ಆಗ ಹಾಗನ್ನಿಸಿತ್ತು’ ಎಂಬಂಥವು. ನಿಮ್ಮ ಪುಟಗಳಲ್ಲಿ ಇವು ಬರತೊಡಗಿದರೆ ಬರವಣಿಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು.

ಎಲ್ಲ ತಪ್ಪಿತಸ್ಥ ಭಾವವೂ ಸುಳ್ಳಲ್ಲ. ನಿಜವಾಗಿಯೂ ಜಗಳವಾಡಿರುತ್ತೇವೆ, ಫೋನ್ ಎತ್ತಿರುವುದಿಲ್ಲ, ಔಷಧಿ ತರಲು ಮರೆತಿರುತ್ತೇವೆ. ಮೂರು ಭಾಗ ಬರೆದ ಮೇಲೂ ತಪ್ಪು ಅಲ್ಲೇ ಉಳಿದರೆ ಅದನ್ನು ಒರೆಸಿಹಾಕುವ ಪ್ರಯತ್ನ ಬೇಡ. ಆಗ ಪ್ರಶ್ನೆ ಬದಲಾಯಿಸಿ: ಅವರ ಹತ್ತಿರ ಯಾವುದಕ್ಕೆ ಕ್ಷಮೆ ಕೇಳಬೇಕು? ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದ ಆ ಮನುಷ್ಯ ಅದಕ್ಕೆ ಏನನ್ನುತ್ತಿದ್ದರು, ಅವರ ಮಾತಿನ ಧಾಟಿಯಲ್ಲೇ? ಎರಡನೆಯದಕ್ಕೂ ಉತ್ತರ ಬರೆಯುವುದು ಅಗತ್ಯ. ಕ್ಷಮೆ ಕೇಳಿ ಅಲ್ಲಿಗೇ ನಿಲ್ಲಿಸಿದರೆ ಅರ್ಜಿ ಕೊಟ್ಟು ಕಾಯುತ್ತ ಕೂತ ಹಾಗಾಗುತ್ತದೆ.

ಪತ್ರ ಬರೆಯುವುದು ಇಲ್ಲಿಂದಲೇ ಶುರುವಾಗುತ್ತದೆ. ಸತ್ತವರಿಗೆ ಪತ್ರ ಬರೆದರೆ ಅವರನ್ನು ಬಿಟ್ಟುಕೊಡಲು ಆಗುವುದಿಲ್ಲ ಎಂಬ ಭಯ ಹಲವರಿಗಿದೆ. ನೆನಪಿನ ನಂಟನ್ನು ಕತ್ತರಿಸಿದರೆ ಮಾತ್ರ ಗುಣವಾಗುತ್ತದೆ ಎಂದು ಮನಶ್ಶಾಸ್ತ್ರವೂ ಬಹುಕಾಲ ನಂಬಿತ್ತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಪುಸ್ತಕವೊಂದು ಈ ನಂಬಿಕೆಯನ್ನು ಪ್ರಶ್ನಿಸಿತು. ಹೋದವರೊಂದಿಗಿನ ಸಂಬಂಧ ಮುಗಿಯುವುದಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಅದು ಕಾಯಿಲೆಯಲ್ಲ ಎಂಬುದು ಅದರ ವಾದ. ಮಹಾಲಯ ಅಮಾವಾಸ್ಯೆಗೆ ಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುವ ನಾಡಿನವರಿಗೆ ಇದು ಹೊಸ ಮಾತೇನಲ್ಲ.

ಪತ್ರಕ್ಕೆ ತಿಂಗಳಿಗೊಂದು ದಿನ ಗೊತ್ತುಮಾಡಿಕೊಳ್ಳಿ. ಮಾಸಿಕ ಮಾಡುವ ಮನೆಗಳಲ್ಲಿ ಆ ದಿನವೇ ಆಗಬಹುದು. ಅಂಥ ಪದ್ಧತಿ ಇಲ್ಲದವರು ತಾರೀಖು ಹಿಡಿಯಬಹುದು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿರುವ ಮುಸ್ಲಿಂ ಹೆಂಗಸರಿಗೆ, ನವೆಂಬರ್ 2ರಂದು ಸಮಾಧಿಗೆ ಹೋಗುವ ಕ್ರೈಸ್ತರಿಗೆ ಅವರವರ ದಿನಗಳಿವೆ. ಪತ್ರದಲ್ಲಿ ಏನು ಬರೆಯಬೇಕೆಂದು ತೋಚದಿದ್ದರೆ ಈ ಮೂರರಲ್ಲಿ ಒಂದು ಸಾಕು: ಈ ತಿಂಗಳು ನಿಮಗೆ ಗೊತ್ತಾಗಬೇಕಿದ್ದ ಸುದ್ದಿ ಯಾವುದು? ಯಾವ ವಿಷಯದಲ್ಲಿ ನಿಮ್ಮ ಮೇಲೆ ಸಿಟ್ಟು ಬಂತು? ಮಕ್ಕಳಲ್ಲಿ ನಿಮ್ಮದು ಏನು ಕಂಡಿತು? ಸಿಟ್ಟಿನ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಎಂಬ ನಿಯಮ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ, ಯಾರೊಂದಿಗೂ ಹೇಳಲಾಗದ ಮಾತುಗಳಲ್ಲಿ ಸಿಟ್ಟಿಗೇ ಮೊದಲ ಸ್ಥಾನ. ಟೀಚರ್ ಐದನೆಯ ತಿಂಗಳ ಪತ್ರ:

‘ರೀ, ಸೊಸೈಟಿ ಸಾಲದ ವಿಷಯ ನನಗೆ ಯಾಕೆ ಹೇಳಿರಲಿಲ್ಲ? ನಿನ್ನೆ ಅವರು ಮನೆಗೆ ಬಂದು ಹೇಳಿದಾಗ ಅಮ್ಮನ ಮುಂದೆ ನನಗೆ ಗೊತ್ತಿತ್ತು ಅಂತ ಸುಳ್ಳು ಹೇಳಿದೆ. ನಿಮ್ಮ ಮರ್ಯಾದೆ ಉಳಿಸೋಕೆ. ರಾತ್ರಿ ನಿಮ್ಮ ಫೋಟೋ ನೋಡಲಿಲ್ಲ. ಬೋರ್‌ವೆಲ್‌ಗೆ ತಗೊಂಡಿದ್ದು ಅಂತ ಆಮೇಲೆ ಗೊತ್ತಾಯ್ತು. ನನಗೆ ಹೆದರಿಕೆ ಆಗಬಾರದು ಅಂತ ಹೇಳಿರಲಿಲ್ಲ ಅನ್ಸುತ್ತೆ. ಆದರೂ ಹೇಳಬೇಕಿತ್ತು.’

ಕೊನೆಯ ಎರಡು ವಾಕ್ಯ ನೋಡಿ. ಸಿಟ್ಟು ಹೋಗಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ತಿಳಿವು ಬಂದು ಕೂತಿದೆ. ಇಂಥದ್ದನ್ನು ಪುಟದ ಮೇಲೆ ಇಟ್ಟ ಮೇಲೆ ಮಕ್ಕಳ ಮೇಲೆ ರೇಗುವುದು ಕಡಿಮೆಯಾದೀತು.

ವರ್ಷದ ಉದ್ದಕ್ಕೂ ‘ಮೊದಲನೆಯವು’ ಬರುತ್ತಿರುತ್ತವೆ. ಅವರಿಲ್ಲದ ಮೊದಲ ಯುಗಾದಿ, ಮೊದಲ ಗೌರಿ ಹಬ್ಬ, ಮದುವೆಯಾದ ದಿನ, ಮಗಳ ರಿಸಲ್ಟು. ಬಹಳ ಮನೆಗಳಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ಮಾಡದಿರುವ ಹಬ್ಬದ ದಿನ ಕಳೆಯುವುದು ಮಾಡುವುದಕ್ಕಿಂತ ಕಷ್ಟ, ಮಾಡಲು ಕೆಲಸವೂ ಇರುವುದಿಲ್ಲ. ಇಂಥ ದಿನದ ಬಗ್ಗೆ ಹಿಂದಿನ ದಿನವೇ ಬರೆಯಬೇಕು: ನಾಳೆ ಯಾವ ಹೊತ್ತಿಗೆ ಕಷ್ಟವಾಗಬಹುದು? ಯಾರು ಏನು ಕೇಳಬಹುದು, ನಾನು ಏನೆನ್ನಲಿ? ತಡೆಯಲಾಗದಿದ್ದರೆ ಎದ್ದು ಎಲ್ಲಿಗೆ ಹೋಗಲಿ? ಮಾರನೆಯ ದಿನ ಎರಡೇ ಸಾಲು: ಹೆದರಿದ್ದು ಯಾವುದು ಆಯಿತು, ಯಾವುದು ಆಗಲಿಲ್ಲ? ವರ್ಷಾಬ್ದಿಕದ ಹೊತ್ತಿಗೆ ಒಂದು ವಿಷಯ ನೆನಪಿರಲಿ. ಶ್ರಾದ್ಧ ತಿಥಿಯ ಪ್ರಕಾರ ಬರುತ್ತದೆ, ಆಸ್ಪತ್ರೆಯ ತಾರೀಖು ಕ್ಯಾಲೆಂಡರಿನ ಪ್ರಕಾರ. ಎರಡಕ್ಕೂ ನಡುವೆ ಎಷ್ಟೋ ದಿನಗಳ ಅಂತರ ಇರಬಹುದು. ಒಂದು ಮುಗಿಯಿತು ಎಂದು ನಿಟ್ಟುಸಿರು ಬಿಡುವಾಗ ಇನ್ನೊಂದು ಬರುತ್ತದೆ. ಎರಡನ್ನೂ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಆರು ತಿಂಗಳಾದ ಮೇಲೆ ಒಂದು ಪ್ರಶ್ನೆಯನ್ನು ಜಾಗ್ರತೆಯಿಂದ ಸೇರಿಸಬಹುದು: ಒಂದು ವರ್ಷದ ಹಿಂದೆ ನನ್ನಿಂದಾಗದು ಎಂದುಕೊಂಡಿದ್ದ ಯಾವ ಕೆಲಸವನ್ನು ಈಗ ಮಾಡುತ್ತಿದ್ದೇನೆ? ಇದನ್ನು ಬೇರೆಯವರು ಕೇಳಬಾರದು, ‘ಎಲ್ಲ ಒಳ್ಳೆಯದಕ್ಕೇ’ ಎಂದ ಹಾಗಾಗುತ್ತದೆ. ತಾವೇ ಕೇಳಿಕೊಂಡಾಗ ಅರ್ಥ ಬೇರೆ. ಟೀಚರ್ ಈಗ ತೆಂಗಿನಕಾಯಿ ಕೀಳಿಸುವವರ ಜೊತೆ ಕೂಲಿ ಮಾತಾಡುತ್ತಾರೆ, ಕೊಬ್ಬರಿ ಹರಾಜಿನ ರೇಟು ನೋಡುತ್ತಾರೆ. ಅದನ್ನು ಬರೆಯುವಾಗ ಗಂಡನಿಗೆ ದ್ರೋಹ ಮಾಡುತ್ತಿದ್ದೇನೆ ಅನ್ನಿಸಿದರೆ ಆ ಅನಿಸಿಕೆಯನ್ನೂ ಎಡಪುಟಕ್ಕೆ ಬರೆಯಲಿ.

ಇನ್ನು ಹೊತ್ತು ಮತ್ತು ಮಿತಿಯ ಮಾತು. ಒಮ್ಮೆ ಕೂತರೆ ಹದಿನೈದರಿಂದ ಇಪ್ಪತ್ತು ನಿಮಿಷ, ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು. ಮಲಗುವ ಮುಂಚೆ ಬೇಡ. ಬರೆದ ಮೇಲೆ ಮಾಡಲು ಒಂದು ಕೆಲಸ ಇಟ್ಟುಕೊಂಡಿರಿ, ಸೊಪ್ಪು ಬಿಡಿಸುವುದೋ ಬಟ್ಟೆ ಮಡಚುವುದೋ. ಬರೆದ ಕೂಡಲೇ ದುಃಖ ಹೆಚ್ಚಾಗುವುದು ಸಹಜ, ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಯಾವುದೋ ವಿಷಯ ಬರೆಯುವಾಗ ಇನ್ನು ಹಿಡಿತ ತಪ್ಪುತ್ತದೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ ಬೇರೆ ವಿಷಯಕ್ಕೆ ಹೋಗಿ. ಪೂರ್ತಿ ಮಾಡಲೇಬೇಕೆಂಬ ಹಠ ಬೇಡ. ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ 1960ರಲ್ಲಿ ಹೆಂಡತಿ ತೀರಿಕೊಂಡಾಗ ಮನೆಯಲ್ಲಿ ಸಿಕ್ಕ ಖಾಲಿ ನೋಟ್‌ಬುಕ್‌ಗಳಲ್ಲಿ ಬರೆದರು. ನಾಲ್ಕನೆಯದೇ ಕೊನೆಯದು, ಇದಕ್ಕೆಂದು ಹೊಸದನ್ನು ಕೊಳ್ಳುವುದಿಲ್ಲ ಎಂದು ತಾವೇ ಗೆರೆ ಎಳೆದುಕೊಂಡರು. ನೀವೂ ನೋಟ್‌ಬುಕ್ ಇಷ್ಟೇ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಯಾರಾದರೂ ಓದಿಬಿಟ್ಟರೆ ಎಂಬ ಭಯವಿದ್ದರೆ ನಿಜ ಬರುವುದಿಲ್ಲ. ತುಂಬಿದ ಮನೆಯಲ್ಲಿ ನೋಟ್‌ಬುಕ್ ಬಚ್ಚಿಡುವುದು ಸುಲಭವಲ್ಲ. ಟೀಚರ್ ತರಹದವರಿಗೆ ಶಾಲೆಯ ಬೀರು ಇದೆ. ಇಲ್ಲದವರು ಬಿಡಿ ಹಾಳೆಯಲ್ಲಿ ಬರೆದು ಹರಿದುಹಾಕಬಹುದು, ಒಲೆಗೆ ಹಾಕಬಹುದು. ಬರೆಯುವಾಗಲೇ ಅರ್ಧ ಕೆಲಸ ಆಗಿರುತ್ತದೆ. ಮೂರು ಭಾಗದ ಆ ಹಾಳೆಯನ್ನು ಮಾತ್ರ ನಾಲ್ಕು ದಿನ ಮುಗಿಯುವವರೆಗೆ ಇಟ್ಟುಕೊಳ್ಳಿ. ಬರೆಯುವ ಅಭ್ಯಾಸ ತಪ್ಪಿದವರು ತೋಟದಲ್ಲೋ ಮಾಳಿಗೆಯ ಮೇಲೋ ಒಬ್ಬರೇ ನಿಂತು ಫೋನಿನ ರೆಕಾರ್ಡರಿಗೆ ಇದೇ ಪ್ರಶ್ನೆಗಳ ಉತ್ತರ ಹೇಳಿ ಅಳಿಸಿಬಿಡಬಹುದು.

ಬರವಣಿಗೆ ಸಾಲದು ಎಂದು ಹೇಗೆ ತಿಳಿಯುವುದು? ವಾರಗಟ್ಟಲೆ ಪುಟಗಳಲ್ಲಿ ಅದೇ ವಾಕ್ಯ ಅದೇ ರೂಪದಲ್ಲಿ ಬರುತ್ತಿದ್ದರೆ, ‘ಯಾಕೆ ಹೀಗಾಯಿತು’ ಎಂಬುದು ಮಾತ್ರ ಇದ್ದು ‘ಯಾಕಂದರೆ’ ಎಂಬುದು ಒಂದೂ ಇಲ್ಲದಿದ್ದರೆ, ಬರೆಯುವ ಹೊತ್ತು ಬೆಳೆಯುತ್ತ ನಿದ್ದೆ ಕಡಿಮೆಯಾಗುತ್ತಿದ್ದರೆ ಬರೆಯುವುದನ್ನು ಕೆಲವು ವಾರ ನಿಲ್ಲಿಸಬೇಕು. ಆರು ತಿಂಗಳು ದಾಟಿದ ಮೇಲೂ ಹಂಬಲ ಹೆಚ್ಚುಕಡಿಮೆ ದಿನವಿಡೀ ಇದ್ದು ಕೆಲಸ, ಊಟ, ಮಕ್ಕಳು ಯಾವುದನ್ನೂ ನೋಡಿಕೊಳ್ಳಲಾಗದ ಸ್ಥಿತಿ ಇದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಕಾಯಿಲೆಗಳ ಪಟ್ಟಿ ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಗುರುತಿಸುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರ ವಿಷಯದಲ್ಲಿ ಈ ಗಡುವನ್ನು ಒಂದು ವರ್ಷ ಎಂದಿಟ್ಟಿದೆ. ‘ನಾನೂ ಅವರ ಹಿಂದೆ ಹೋಗಬೇಕು’ ಎಂಬ ಸಾಲು ಪುಟದಲ್ಲಿ ಬಂದರೆ ಯಾವ ಗಡುವನ್ನೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಪರಿಚಯದವರಿಗೆ ಹೇಳಲಾಗದ್ದನ್ನು ಎಷ್ಟೋ ಸಲ ಅಪರಿಚಿತರಿಗೆ ಹೇಳಬಹುದು. ಏನು ಹೇಳಬೇಕೆಂದು ತೋಚದಿದ್ದರೆ ಬರೆದ ಪುಟವನ್ನೇ ಓದಿ ಹೇಳಿ.

ಇಂಥವರ ಜೊತೆ ಒಂದೇ ಮನೆಯಲ್ಲಿರುವವರಿಗೆ ಒಂದು ಮಾತು. ಅಡುಗೆಮನೆಯ ಡಬ್ಬಿಯ ಹಿಂದೋ ಹಾಸಿಗೆಯ ಕೆಳಗೋ ಅಂಥ ನೋಟ್‌ಬುಕ್ ಕೈಗೆ ಸಿಕ್ಕರೆ ತೆರೆಯಬೇಡಿ, ಸಿಕ್ಕಿತು ಎಂದೂ ಹೇಳಬೇಡಿ. ಅವರು ಬರೆಯಲು ಕೂತ ಆ ಇಪ್ಪತ್ತು ನಿಮಿಷ ಮಕ್ಕಳನ್ನು ನೀವು ನೋಡಿಕೊಳ್ಳಿ, ಬಾಗಿಲು ಬಡಿಯುವವರನ್ನು ಹೊರಗೇ ಮಾತಾಡಿಸಿ ಕಳಿಸಿ.